ಐದು ಪಾಯಿಂಟಿನ ಹನ್ನೊಂದು

ನಕ್ಷೆಯ ಮೇಲೆ ಊರಿನ ಹೆಸರು ತಪ್ಪಾಗಿದ್ದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಅಂಕಿ ತಪ್ಪಾಗಿದ್ದರೆ ಯಾರೂ ಬರುವುದಿಲ್ಲ. ತಪ್ಪು ಅಂಕಿಯೂ ಸರಿಯಾದ ಅಂಕಿಯಷ್ಟೇ ಚೆನ್ನಾಗಿ ಕಾಣುತ್ತದೆ, ಅಷ್ಟೇ ಧೈರ್ಯದಿಂದ ಕುಳಿತಿರುತ್ತದೆ. ಇದನ್ನು ನನಗೆ ಕಲಿಸಿದವರು ಬೀದರಿನ ನಮ್ಮ ಕಚೇರಿಯ ಹೆಡ್ ಡ್ರಾಫ್ಟ್ಸ್‌ಮನ್ ಸಾಹೇಬರು. ನಾನಾಗ ಹತ್ತೊಂಬತ್ತು ವರ್ಷದವಳು, ಟ್ರೇಸರ್ ಆಗಿ ಸೇರಿದ್ದೆ. ಮೂಲ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಪ್ರತಿ ಗೆರೆ, ಪ್ರತಿ ಅಕ್ಷರವನ್ನು ಮಸಿಯಿಂದ ತಿದ್ದುವುದು ಟ್ರೇಸರ್ ಕೆಲಸ.

ಸಾಹೇಬರ ಕಚೇರಿಯಲ್ಲಿ ದಿನದ ಮೊದಲ ತಾಸು ಬರೀ ಅಂಕಿ ಬರೆಯಬೇಕು. ಎರಡು ಮಿಲಿಮೀಟರ್ ಎತ್ತರ, ಸೊನ್ನೆಯಿಂದ ಒಂಬತ್ತರವರೆಗೆ, ಹಾಳೆ ತುಂಬುವ ತನಕ. ಅದಾದ ಮೇಲೆ ಕೈ ತೊಳೆದು ಅಕ್ಷರ. ಮೂರು ವರ್ಷ ನಾನು ಹಾಗೆ ಮಾಡಿದೆ. ಒಂದು ದಿನವೂ ತಪ್ಪಿಸಲಿಲ್ಲ.

ನಕ್ಷೆ ಮುಗಿದು ಅದರ ನೀಲಿ ಪ್ರತಿ ತೆಗೆದ ಮೇಲೆ ಇನ್ನೊಂದು ಕೆಲಸವಿತ್ತು. ಅದಕ್ಕೆ ನಾವು ಓದಿಸುವುದು ಅನ್ನುತ್ತಿದ್ದೆವು. ಹೊರಗೆ ಹೋಗುವ ಪ್ರತಿಯನ್ನೇ ಚಪರಾಸಿಯ ಕೈಗೆ ಕೊಟ್ಟು ಕಿಟಕಿಯ ಹತ್ತಿರ ನಿಲ್ಲಿಸುವುದು. ಆತ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಸರಿಯಾದ ಅಂಕಿಗಳ ಪಟ್ಟಿ ನಮ್ಮ ಕೈಯಲ್ಲಿ, ಗುರುತು ಹಾಕುವವರು ನಾವು. ಪಟ್ಟಿಯನ್ನು ಆತನಿಗೆ ತೋರಿಸುವಂತಿರಲಿಲ್ಲ. ನಾನೇ ಬರೆದದ್ದು, ನಾನೇ ನೋಡಿಕೊಳ್ಳುತ್ತೇನೆ ಎಂದು ಒಮ್ಮೆ ಹೇಳಿದ್ದಕ್ಕೆ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

"ಪಟ್ಟಿ ನೋಡಿದ ಕಣ್ಣು ನಕ್ಷಾ ನೋಡೂದಿಲ್ಲ, ಬೇಟಿ. ಅದಕ್ಕ ಮೊದಲ ಗೊತ್ತಿರತದ."

ಆಮೇಲೆ ಗಣಕಯಂತ್ರಗಳು ಬಂದವು, ಮಸಿ ಒಣಗಿತು, ನನ್ನ ನೌಕರಿಯೂ ಮುಗಿಯಿತು. ನಿವೃತ್ತಿಯಾದ ಮೇಲೂ ನಾನು ಐದಕ್ಕೆ ಏಳುವುದು, ಒಂಬತ್ತಕ್ಕೆ ಊಟ ಮಾಡುವುದು ಬಿಡಲಿಲ್ಲ. ಹೋಗಬೇಕಾದ ಕಡೆ ಮಾತ್ರ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬೀದರಿನಲ್ಲೇ ಕುಡಿಯುವ ನೀರಿನ ನಕ್ಷೆ ಮಾಡುತ್ತಿದ್ದ ಒಂದು ಕಚೇರಿಯಿಂದ ಕರೆ ಬಂತು. ಊರ ಹೆಸರುಗಳು ಕನ್ನಡದಲ್ಲಿ ಸರಿಯಾಗಿ ಬರುತ್ತಿಲ್ಲ, ವಾರಕ್ಕೆ ಮೂರು ದಿನ ಬಂದು ನೋಡುತ್ತೀರಾ ಎಂದು ಅಲ್ಲಿನ ಅಧಿಕಾರಿ ಕೇಳಿದರು. ಸಂಬಳವಿಲ್ಲ, ನೇಮಕದ ಆದೇಶವಿಲ್ಲ. ನಾನು ಸೋಮವಾರ, ಗುರುವಾರ, ಶನಿವಾರ ಹತ್ತಕ್ಕೆ ಐದು ನಿಮಿಷವಿರುವಾಗ ಹಾಜರಾಗತೊಡಗಿದೆ.

ನಕ್ಷೆ ಮಾಡುತ್ತಿದ್ದವಳು ಭಾಲ್ಕಿಯ ಒಬ್ಬ ಹೆಣ್ಣುಮಗಳು. ಮೂವತ್ತು ದಾಟಿದವಳು, ತಾಯಿಯ ಜೊತೆ ಇದ್ದಳು, ದಿನಾ ಭಾಲ್ಕಿಯಿಂದ ಬಂದು ಹೋಗುತ್ತಿದ್ದಳು. ಪರದೆಯ ಮೇಲೆ ಉಪಗ್ರಹದ ಚಿತ್ರ ಹಾಸಿ, ಅದರ ಮೇಲೆ ಓಣಿ, ಹಳ್ಳ, ಬೋರಿಂಗ್ ಎಲ್ಲವನ್ನೂ ಕೂರಿಸುವುದರಲ್ಲಿ ಆಕೆಗೆ ಸಮನಾದವರನ್ನು ನಾನು ನೋಡಿಲ್ಲ. ಬೋರಿಂಗ್ ಎಂದರೆ ನಮ್ಮ ಕಡೆ ಕೈಪಂಪು. ಆಕೆಯದು ವರ್ಷದಿಂದ ವರ್ಷಕ್ಕೆ ನವೀಕರಿಸುವ ಗುತ್ತಿಗೆ. ಮಾರ್ಚ್ ಬಂದರೆ ಊಟ ಬಿಡುತ್ತಿದ್ದಳು. ಜಿಲ್ಲೆಯಲ್ಲಿ ಈ ಕೆಲಸ ಇರುವುದು ಇದೊಂದೇ ಕುರ್ಚಿಯಲ್ಲಿ, ಒಂದು ದೂರು ಬಂದರೆ ಕುರ್ಚಿ ಹೋಗುತ್ತದೆ ಎಂದು ಮೊದಲ ದಿನವೇ ನನಗೆ ಹೇಳಿದ್ದಳು. ಹಾಗಾಗಿ ನಾನು ಬಂದದ್ದು ಆಕೆಗೆ ಸಂತೋಷವಾಗಿತ್ತು. ನಾನು ನೋಡಿದ ಮೇಲೆ ತಪ್ಪು ಉಳಿಯುವುದಿಲ್ಲವೆಂದು ನಂಬಿದ್ದಳು. ನಾನೂ ನಂಬಿದ್ದೆ.

ಕೆಲಸ ಇಷ್ಟು. ಔರಾದ ತಾಲ್ಲೂಕಿನ ಪ್ರತಿ ಊರಿಗೆ ಒಂದು ದೊಡ್ಡ ಗೋಡೆ ನಕ್ಷೆ. ಊರಿನ ಎಲ್ಲ ಬೋರಿಂಗ್‌ಗಳ ಸಂಖ್ಯೆ ಅದರಲ್ಲಿರಬೇಕು. ನೀರು ಪರೀಕ್ಷೆ ಮಾಡಿ ಕೆಟ್ಟದ್ದು ಎಂದು ಬಂದದ್ದರ ಸಂಖ್ಯೆ ಚೌಕದಲ್ಲಿ, ಒಳ್ಳೆಯದರ ಸಂಖ್ಯೆ ದುಂಡಿನಲ್ಲಿ. ಪಂಚಾಯಿತಿಯ ಪಂಪು ರಿಪೇರಿಯವನು ಅದನ್ನು ನೋಡಿಕೊಂಡು ಚೌಕದ ಬೋರಿಂಗ್‌ಗಳ ಹಿಡಿಕೆ ಬಿಚ್ಚಿ, ಬಾಯಿಗೆ ಕೆಂಪು ಬಣ್ಣ ಬಳಿಯಬೇಕು. ಗೋಡೆಯ ನಕ್ಷೆಯನ್ನು ಆತ ಹೊತ್ತುಕೊಂಡು ತಿರುಗಲಾರ. ಅದಕ್ಕೆ ಅದನ್ನೇ ಉದ್ದ ಅಗಲ ಎರಡರಲ್ಲೂ ಅರ್ಧ ಮಾಡಿ ಒಂದು ಚಿಕ್ಕ ಪ್ರತಿ. ಅದರದೇ ಕಪ್ಪು ಬಿಳುಪು ಜೆರಾಕ್ಸ್ ಆತನ ಚೀಲಕ್ಕೆ. ಸರ್ಕಾರದ ಆದೇಶದ ಪ್ರಕಾರ ಅಂಕಿಗಳೂ ಕನ್ನಡದಲ್ಲೇ.

ಹೆಸರುಗಳ ಅಕ್ಷರಕ್ಕೆ ನಾವು ಎರಡು ವಾರ ತೆಗೆದುಕೊಂಡೆವು. ಆಕೆ ಮೊದಲು ಬಳಸಿದ್ದ ಫಾಂಟ್ ಮದುವೆ ಪತ್ರಿಕೆಗೆ ಚೆಂದ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲಿನಷ್ಟು ತೆಳು. ಚಿಕ್ಕದು ಮಾಡಿದರೆ ತೆಳುವಿನ ಭಾಗ ಹೊಲದ ಗೆರೆಗಳಲ್ಲಿ ಕಳೆದು ಹೋಗುತ್ತಿತ್ತು, ಅಕ್ಷರದ ಅರ್ಧ ಮಾತ್ರ ಉಳಿಯುತ್ತಿತ್ತು. ಎಲ್ಲ ಕಡೆ ಒಂದೇ ದಪ್ಪವಿರುವ, ಸುಳಿಗಳ ಒಳಗೆ ಜಾಗವಿರುವ ಬೇರೆ ಫಾಂಟ್ ಹುಡುಕಿದೆವು. ಹತ್ತು ಪಾಯಿಂಟ್, ಎಂಟು, ಆರು, ಐದು ಎಂದು ಇಳಿಸುತ್ತಾ ಮುದ್ರಿಸಿ ನೋಡಿದೆವು. ಕನ್ನಡದಲ್ಲಿ ಮೊದಲು ಸಾಯುವುದು ಒತ್ತಕ್ಷರ. ಭಾಲ್ಕಿ ಎಂದು ಬರೆದರೆ ಆರು ಪಾಯಿಂಟಿಗೆ ಬರುವ ಹೊತ್ತಿಗೆ ಕೆಳಗಿನ ಒತ್ತು ಒಂದು ಚುಕ್ಕೆ. ಅಕ್ಷರದ ಸುತ್ತ ಬಿಳಿ ಅಂಚು ಕೊಟ್ಟರೆ ಹಿನ್ನೆಲೆಯಿಂದ ಬಿಡಿಸಿಕೊಂಡು ನಿಲ್ಲುತ್ತದೆ. ಆದರೆ ಅಂಚು ದಪ್ಪವಾದರೆ ಕೆಳಗಿನ ಸಾಲಿನ ಅಂಚು ಮೇಲಿನ ಸಾಲಿನ ಒತ್ತನ್ನೇ ತಿಂದುಬಿಡುತ್ತದೆ. ಹಾಗಾಗಿ ಅಂಚು ತೆಳುವಾಗಿರಲಿ, ಬದಲಿಗೆ ಉಪಗ್ರಹದ ಚಿತ್ರವನ್ನೇ ಮಂಕು ಮಾಡು ಎಂದೆ. ಮಾಡಿದಳು. ಬಹಳ ಮಂಕು ಮಾಡಿದರೆ ಜನರಿಗೆ ತಮ್ಮ ಮನೆ ಗುರುತು ಸಿಗುವುದಿಲ್ಲ, ಆದ್ದರಿಂದ ನಡುವೆ ಎಲ್ಲೋ ನಿಂತೆವು.

ಇಷ್ಟೆಲ್ಲ ಹೆಸರುಗಳ ಮೇಲೆ. ಅಂಕಿಗಳಿಗೆ ಅದೇ ಫಾಂಟ್ ಸಾಕು ಎಂದು ಬಿಟ್ಟೆವು. ಬೇರೆಯಾಗಿ ಮುದ್ರಿಸಿ ನೋಡಲಿಲ್ಲ. ಮೂರು ವರ್ಷ ದಿನಕ್ಕೊಂದು ತಾಸು ಅಂಕಿ ಬರೆದವಳು ನಾನು.

ಆಕೆಗೆ ಒಂದು ಅನುಮಾನವಿತ್ತು. ಚೌಕ ಮತ್ತು ದುಂಡಿನ ಒಳಗೆ ಪೂರ್ತಿ ಬಿಳಿ ತುಂಬಿಬಿಡೋಣ, ಅಂಕಿ ಬಿಳಿಯ ಮೇಲೆ ಕೂತರೆ ಕೆಳಗೆ ಏನಿದ್ದರೂ ಚಿಂತೆಯಿಲ್ಲ ಎಂದಳು. ನಾನು ಒಪ್ಪಲಿಲ್ಲ. ಬರಹಕ್ಕಾಗಿ ಮನೆ ಮುಚ್ಚಬಾರದು, ಗೆರೆ ಮುಚ್ಚಬಾರದು ಎನ್ನುವುದು ನಮ್ಮ ಕಚೇರಿಯ ಮೊದಲ ಪಾಠ. ಖಾಲಿ ಹಾಳೆಯ ಮೇಲೆ ಗೆರೆಗಳಿರುತ್ತಿದ್ದ ಕಾಲದ ಪಾಠ ಅದು. ಗೆರೆಗಳ ಕೆಳಗೆ ಆಗ ಕೆಂಪು ಮಣ್ಣು, ತಗಡಿನ ಮಾಡು, ಬೇವಿನ ನೆರಳು ಇರುತ್ತಿರಲಿಲ್ಲ. ಅಷ್ಟನ್ನು ನಾನು ಯೋಚಿಸಲಿಲ್ಲ. ಚೌಕದ ಗೆರೆ ಮಾತ್ರ ಇರಲಿ, ಒಳಗೆ ಚಿತ್ರ ಕಾಣಲಿ ಎಂದೆ. ಆಕೆ ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಬೇಡವೆಂದೆ.

ಓದಿಸುವ ಪದ್ಧತಿಯನ್ನು ಮಾತ್ರ ಅಲ್ಲಿ ಮತ್ತೆ ಶುರು ಮಾಡಿದ್ದೆ. ಕಚೇರಿ ಗುಡಿಸುತ್ತಿದ್ದ ಹೆಂಗಸಿಗೆ, ನಾವೆಲ್ಲ ಬಾಯಿ ಅನ್ನುತ್ತಿದ್ದವಳಿಗೆ, ರಾತ್ರಿ ಶಾಲೆಯಲ್ಲಿ ಕಲಿತ ಓದು ಬರುತ್ತಿತ್ತು. ಕನ್ನಡ ಅಂಕಿಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು, ಏಕೆಂದರೆ ಆಕೆ ಕಲಿತದ್ದು ಅವನ್ನೇ. ಜೆರಾಕ್ಸ್ ಪ್ರತಿ ಹಿಡಿದು ಬಾಗಿಲಲ್ಲಿ ನಿಂತು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಓದುವಳು. ಮಂದವಾಗಿದ್ದ ಕಡೆ ನಿಲ್ಲಿಸಿಬಿಡುವಳು. "ಇದು ಒಂಬತ್ತೋ ಆರೋ, ನೀವ ಹೇಳ್ರಿ. ನನಗ ಬರಂಗಿಲ್ಲಂತ ಅನ್ನಬ್ಯಾಡ್ರಿ ಮತ್ತ, ಬರೆದವರಿಗೆ ಬರಂಗಿಲ್ಲ." ಭಾಲ್ಕಿಯವಳು ನಗುತ್ತಾ ಹೋಗಿ ಸರಿಮಾಡುವಳು. ಅಂಕಿ ಜರುಗಿಸಿ ತಿಳಿಯಾದ ಜಾಗದಲ್ಲಿಡುವಳು. ಹೀಗೆ ಎಷ್ಟೋ ಊರುಗಳು ಸರಿಯಾಗಿ ಹೋದವು.

ಒಂದು ಶನಿವಾರ ಆ ಬಾಯಿ ಬರಲಿಲ್ಲ. ತಂಗಿಯ ಮನೆಯಲ್ಲಿ ಕುಬಸ, ಅಂದರೆ ಸೀಮಂತದ ಕಾರ್ಯವೆಂದು ಹುಮನಾಬಾದಿಗೆ ಹೋಗಿದ್ದಳು. ಅಂದು ಐದು ಊರುಗಳ ನಕ್ಷೆ ಹೋಗಬೇಕಿತ್ತು. ವಾರದ ನಕ್ಷೆಗಳು ಶನಿವಾರ ನಾಲ್ಕು ಗಂಟೆಗೆ ಔರಾದಿನ ಗಾಡಿಗೆ ಎಂದು ವೇಳಾಪಟ್ಟಿ ಮಾಡಿದವಳು ನಾನು. ಗೋಡೆಗೆ ಅಂಟಿಸಿದವಳೂ ನಾನು. ಅಲ್ಲಿಯವರೆಗೆ ಒಂದು ವಾರವೂ ತಪ್ಪಿರಲಿಲ್ಲ.

"ಅಕ್ಕೋರ, ಸೋಮವಾರ ಕಳಿಸೋಣ್ರಿ," ಎಂದಳು ಭಾಲ್ಕಿಯವಳು. "ಬಾಯಿ ಬರಲಿ. ಎರಡು ದಿನಕ್ಕ ಯಾರು ಏನಂತಾರ?"

"ಶನಿವಾರ ಅಂದರ ಶನಿವಾರ. ನಾ ಓದತೇನಿ, ಕೊಡು."

"ಪಟ್ಟಿ ನಾ ಹಿಡಕೊಳ್ಳಲೇನ್ರಿ?"

ಆಕೆಗೆ ಇನ್ನೂ ಗೋಡೆ ನಕ್ಷೆಗಳನ್ನು ಸುತ್ತಿ ಕಟ್ಟುವುದಿತ್ತು. ಬೇಡ, ಎರಡೂ ನಾನೇ ನೋಡುತ್ತೇನೆ ಎಂದೆ. ಎಡಗೈ ಪಟ್ಟಿಯ ಮೇಲೆ, ಬಲಗೈ ನಕ್ಷೆಯ ಮೇಲೆ. ಪಟ್ಟಿಯಲ್ಲಿ ಹನ್ನೊಂದು, ನಕ್ಷೆಯಲ್ಲಿ ಹನ್ನೊಂದು, ಗುರುತು. ಐದು ಊರು, ನಲವತ್ತು ನಿಮಿಷ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗಾಡಿಗೆ ಕೊಟ್ಟೆವು. ಆ ದಿನ ನನಗೆ ನನ್ನ ಬಗ್ಗೆ ಬಹಳ ಸಮಾಧಾನವಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನಾಲ್ಕು ತಿಂಗಳಾದ ಮೇಲೆ ಫೋನ್ ಬಂತು. ಔರಾದ ತಾಲ್ಲೂಕಿನ ಒಂದು ಊರಿನಲ್ಲಿ ನೀರು ಪರೀಕ್ಷೆಯ ಪೆಟ್ಟಿಗೆ ಹಿಡಿದು ಹೋದ ಹೆಣ್ಣುಮಗಳೊಬ್ಬಳು ಜನ ಹನ್ನೊಂದನೆಯ ಬೋರಿಂಗ್‌ನಿಂದ ನೀರು ತುಂಬುವುದನ್ನು ನೋಡಿದ್ದಳು. ಹನ್ನೊಂದು ಕೆಟ್ಟದ್ದು ಎಂದು ಆಕೆಗೆ ನೆನಪಿತ್ತು, ಏಕೆಂದರೆ ಮೊದಲು ಪರೀಕ್ಷೆ ಮಾಡಿದವಳೂ ಆಕೆಯೇ. ಅದರ ಹಿಡಿಕೆ ಹಾಗೇ ಇತ್ತು. ಹತ್ತನೆಯದರ ಹಿಡಿಕೆ ಬಿಚ್ಚಿತ್ತು, ಬಾಯಿಗೆ ಕೆಂಪು ಬಳಿದಿತ್ತು. ಹತ್ತರ ನೀರು ಆ ಓಣಿಗೆಲ್ಲ ಒಳ್ಳೆಯ ನೀರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಔರಾದಿನ ಬಸ್ಸು ಹತ್ತಿದೆವು. ಭಾಲ್ಕಿಯವಳ ಚೀಲದಲ್ಲಿ ಪಟ್ಟಿ ಇತ್ತು, ದಾರಿಯುದ್ದಕ್ಕೂ ಅದನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು. ಪಟ್ಟಿಯಲ್ಲಿ ಹನ್ನೊಂದೇ ಇತ್ತು. ನನ್ನ ಗುರುತೂ ಇತ್ತು. ಔರಾದಿನಲ್ಲಿ ಇಳಿದು ಜೀಪಿನಲ್ಲಿ ಊರಿಗೆ ಹೋದಾಗ ಹನ್ನೊಂದೂವರೆ. ರಿಪೇರಿಯವನು ಪಂಚಾಯಿತಿಯ ಕಟ್ಟೆಯ ಮೇಲೆ ನಮಗಾಗಿ ಕಾದು ಕುಳಿತಿದ್ದ. ಐವತ್ತರ ಗಂಡಸು, ಹೆದರಿ ಮುಖ ಬಾಡಿತ್ತು. ನಾವು ಕೇಳುವ ಮೊದಲೇ ಚೀಲದಿಂದ ಜೆರಾಕ್ಸ್ ತೆಗೆದ. ಎಂಟು ಮಡಿಕೆ ಮಾಡಿದ್ದ, ಮಡಿಕೆಗಳಲ್ಲಿ ಗ್ರೀಸ್ ಕೂತಿತ್ತು. ಆದರೆ ನಾವು ನೋಡಬೇಕಾದ ಜಾಗ ಮಡಿಕೆಯಲ್ಲಿರಲಿಲ್ಲ, ಅಲ್ಲಿ ಗ್ರೀಸೂ ಇರಲಿಲ್ಲ. ನಮ್ಮ ಕಚೇರಿಯಿಂದ ಹೋದಂತೆಯೇ ಇತ್ತು.

ಆತ ಮಾಡಿದ್ದು ಯಾರಾದರೂ ಮಾಡುವ ಕೆಲಸ. ನಕ್ಷೆ ಬಂದ ದಿನ ಕುಳಿತು ಚೌಕದೊಳಗಿನ ಅಂಕಿಗಳನ್ನಷ್ಟೇ ತನ್ನ ಚೀಟಿಯಲ್ಲಿ ಬರೆದುಕೊಂಡಿದ್ದ. ನಾಲ್ಕು, ಹತ್ತು, ಇಪ್ಪತ್ತೆರಡು. ಆಮೇಲೆ ಚೀಟಿ ಹಿಡಿದು ಹೋಗಿ, ಬೋರಿಂಗ್ ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ ನೋಡಿ ಹಿಡಿಕೆ ಬಿಚ್ಚಿದ್ದ. ನಕ್ಷೆಯನ್ನು ಮತ್ತೆ ಬಿಡಿಸಿರಲಿಲ್ಲ.

"ನೀವ ನೋಡ್ರಿ ಅಮ್ಮಾರ," ಎಂದು ಕಾಗದ ನನ್ನ ಕೈಗಿಟ್ಟ. "ನನಗ ಹತ್ತ ಕಾಣತದ. ಹತ್ತಲ್ಲೇನು?"

ಪಟ್ಟಿ ನನ್ನ ಕೈಯಲ್ಲಿರಲಿಲ್ಲ. ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ. ಹತ್ತು ಕಂಡಿತು.

ಕನ್ನಡದ ೧ ಎಂದರೆ ಕೆಳಗೆ ಬಾಯಿ ತೆರೆದ ಬಳೆ. ೦ ಎಂದರೆ ಮುಚ್ಚಿದ ಬಳೆ. ಅವೆರಡರ ನಡುವೆ ಇರುವುದು ಆ ಬಾಯಿಯೊಂದೇ. ನಾವು ಆರಿಸಿದ ಫಾಂಟ್‌ನಲ್ಲಿ ಸುಳಿಗಳ ಒಳಗೆ ಜಾಗ ಬೇಕಾದಷ್ಟಿತ್ತು, ಒಂದರ ಬಾಯಿ ಮಾತ್ರ ಕಿರಿದು. ಗೋಡೆ ನಕ್ಷೆಯಲ್ಲಿ ಹತ್ತು ಪಾಯಿಂಟ್ ಇದ್ದುದರಿಂದ ತೊಂದರೆಯಿರಲಿಲ್ಲ. ಅರ್ಧ ಮಾಡಿದಾಗ ಐದು ಪಾಯಿಂಟ್ ಆಯಿತು, ಬಿಳಿ ಅಂಚೂ ಅರ್ಧವಾಯಿತು. ಹನ್ನೊಂದರ ಮೊದಲನೆಯ ಒಂದು ಸಿಮೆಂಟ್ ರಸ್ತೆಯ ಬಿಳುಪಿನ ಮೇಲೆ ಬಿದ್ದಿತ್ತು, ಅದರ ಬಾಯಿ ತೆರೆದೇ ಇತ್ತು. ಎರಡನೆಯದು ರಸ್ತೆ ದಾಟಿ ಕೆಂಪು ಮಣ್ಣಿನ ಮೇಲೆ ಬಿದ್ದಿತ್ತು. ಬಣ್ಣದ ಪ್ರತಿಯಲ್ಲಿ ಕಪ್ಪು ಅಂಕಿ, ಕೆಂಪು ಮಣ್ಣು ಬೇರೆಬೇರೆಯಾಗಿ ಕಾಣುತ್ತವೆ. ಜೆರಾಕ್ಸಿನಲ್ಲಿ ನಮ್ಮ ಕೆಂಪು ಮಣ್ಣು ಕರಿಯಾಗುತ್ತದೆ. ಆ ಕರಿ ಒಂದರ ಬಾಯಿಯನ್ನು ತುಂಬಿ ಸೊನ್ನೆ ಮಾಡಿತ್ತು.

ಚೌಕದೊಳಗೆ ಬಿಳಿ ತುಂಬಿದ್ದರೆ ಇದು ಆಗುತ್ತಿರಲಿಲ್ಲ. ಗುಡಿಸುವ ಬಾಯಿ ಓದಿದ್ದರೂ ಆಗುತ್ತಿರಲಿಲ್ಲ. ಆಕೆ ಅಲ್ಲಿ ನಿಲ್ಲಿಸಿ, ಇದು ಒಂದೋ ಸೊನ್ನೆಯೋ ನೀವೇ ಹೇಳಿ ಎನ್ನುತ್ತಿದ್ದಳು. ಅದೇ ಕಾಗದ ನನ್ನ ಬಲಗೈ ಕೆಳಗೂ ಇತ್ತು. ನನಗೆ ಹನ್ನೊಂದು ಎಂದು ಮೊದಲೇ ಗೊತ್ತಿತ್ತು.

ಭಾಲ್ಕಿಯವಳು ಕಾಗದ ನೋಡಿದಳು, ನನ್ನನ್ನು ನೋಡಲಿಲ್ಲ. ರಿಪೇರಿಯವನಿಗೆ, ನಿಮ್ಮದೇನೂ ತಪ್ಪಿಲ್ಲ, ಹತ್ತೇ ಕಾಣುತ್ತದೆ ಎಂದು ಮೆಲ್ಲಗೆ ಹೇಳಿದಳು. ಆತ ಕಾಗದವನ್ನು ಮತ್ತೆ ಮಡಿಸಿ ಚೀಲಕ್ಕೆ ಹಾಕಿಕೊಂಡ.

ಓಣಿಗೆ ಹೋದೆವು. ಎರಡೂ ಬೋರಿಂಗ್‌ಗಳ ನಡುವೆ ನೂರು ಹೆಜ್ಜೆ. ಆತ ಹನ್ನೊಂದರ ಹಿಡಿಕೆ ಬಿಚ್ಚತೊಡಗಿದಾಗ ಐದಾರು ಹೆಂಗಸರು ಕೊಡ ಹಿಡಿದು ಬಂದರು. ನಾಲ್ಕು ತಿಂಗಳ ಹಿಂದೆ ಹತ್ತನ್ನು ಬಿಚ್ಚುವಾಗಲೂ ಅವರು ಕೇಳಿದ್ದರಂತೆ. ನಕ್ಷೆಯಲ್ಲಿ ಹಾಗಿದೆ ಎಂದು ಆತ ಹೇಳಿದ್ದನಂತೆ. ನಕ್ಷೆ ಬೀದರಿನಿಂದ ಬಂದದ್ದು, ಆದ್ದರಿಂದ ಸುಮ್ಮನಾಗಿದ್ದರು. ಈಗ ಮತ್ತೆ ನಕ್ಷೆ ಎನ್ನುತ್ತಿದ್ದೇವೆ. ಅವರಲ್ಲಿ ಒಬ್ಬಳ ಸೊಂಟದ ಮೇಲೆ ಕೂಸಿತ್ತು, ಆರೇಳು ತಿಂಗಳದ್ದು.

"ಕೂಸಿಗೆ ಇದ ನೀರ ಹಾಕೀರೇನು?" ಎಂದು ಭಾಲ್ಕಿಯವಳು ಕೇಳಿದಳು.

"ಎದಿಹಾಲು ಸಾಲಲಿಲ್ರಿ ನನಗ. ಡಬ್ಬಿ ಪುಡಿ ಕಲಸಿ ಹಾಕತೇನಿ. ಖಾಲಿ ನೀರು ಹಾಕಿಲ್ರಿ. ದಿನಾ ಕುದಿಸಿ ಹಾಕತೇನಿ, ಚೊಲೋತ್ನಾಗಿ."

ಆ ನೀರಿನ ದೋಷ ನೈಟ್ರೇಟ್. ಹಸುಗೂಸುಗಳಿಗೆ ಅದು ಎಲ್ಲರಿಗಿಂತ ಕೆಟ್ಟದ್ದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು, ನಕ್ಷೆಯ ಕೆಳಗೆ ನಾವೇ ಬರೆದಿದ್ದೆವು. ಆ ತಾಯಿ ಮಾತ್ರ ತನ್ನ ಕೆಲಸವನ್ನು ಒಂದು ದಿನವೂ ಬಿಡದೆ ನಿಯಮವಾಗಿ ಮಾಡಿದ್ದಳು.

"ಯಾಕ್ರಿ, ಏನಾತು?" ಎಂದು ಆಕೆ ಒಮ್ಮೆ ನನ್ನನ್ನು, ಒಮ್ಮೆ ಭಾಲ್ಕಿಯವಳನ್ನು ನೋಡಿದಳು. ನಮ್ಮ ಜೊತೆ ಓಣಿಗೆ ಬಂದಿದ್ದ ನೀರು ಪರೀಕ್ಷೆಯ ಹೆಣ್ಣುಮಗಳು ಮುಂದೆ ಬಂದು, ಏನಿಲ್ಲ, ಒಮ್ಮೆ ಔರಾದಿಗೆ ಹೋಗಿ ಕೂಸನ್ನು ತೋರಿಸಿಕೊಂಡು ಬರೋಣ ಎಂದು ಆಕೆಯನ್ನು ಕರೆದುಕೊಂಡು ಹೋದಳು. ಔರಾದಿನ ಡಾಕ್ಟರರು ನೋಡಿದರು. ಈಗ ಕೂಸು ಚೆನ್ನಾಗಿದೆ ಎಂದರು. ನಡುವೆ ಎರಡು ಸಲ ಮಂಕಾಗಿತ್ತು, ತುಟಿ ಕಂದಿತ್ತು, ತಾನೇ ಸರಿಹೋಯಿತು ಎಂದು ಕೂಸಿನ ಅಜ್ಜಿ ಹೇಳಿದಳಂತೆ. ಅದು ಈ ನೀರಿನಿಂದಲೋ ಬೇರೆಯದರಿಂದಲೋ ಈಗ ಹೇಳಲಾಗುವುದಿಲ್ಲ ಎಂದು ಡಾಕ್ಟರರು ಅಂದರಂತೆ. ಆ ಓಣಿಯಲ್ಲಿ ಇನ್ನೂ ಎಷ್ಟು ಮನೆಗಳಿದ್ದವು, ಯಾರಿಗೆ ಏನಾಗಿರಬಹುದು, ಅದನ್ನೂ ಹೇಳಲಾಗುವುದಿಲ್ಲ. ಹೇಳಲಾಗದ್ದನ್ನು ಹೊತ್ತುಕೊಂಡೇ ನಾವು ಸಂಜೆಯ ಬಸ್ಸಿಗೆ ಬಂದೆವು.

ಬೀದರಿನಲ್ಲಿ ವಿಚಾರಣೆ ಎಂದು ಒಂದು ಸಭೆಯಾಯಿತು. ನಕ್ಷೆಯ ಮೂಲೆಯಲ್ಲಿ ಸಹಿಗೆ ಎರಡು ಖಾನೆಗಳಿರುತ್ತವೆ. ತಯಾರಿಸಿದವರು, ಪರಿಶೀಲಿಸಿದವರು. ಎರಡರಲ್ಲೂ ಭಾಲ್ಕಿಯವಳ ಸಹಿ ಇತ್ತು, ಏಕೆಂದರೆ ನನಗೆ ಆದೇಶವಿರಲಿಲ್ಲ, ಆದೇಶವಿಲ್ಲದವರು ಸಹಿ ಮಾಡುವಂತಿಲ್ಲ. ನಾನು ಹಿಂದಿನ ರಾತ್ರಿಯೇ ಎರಡು ಪುಟ ಬರೆದಿಟ್ಟಿದ್ದೆ. ಚೌಕದಲ್ಲಿ ಬಿಳಿ ತುಂಬಬೇಡವೆಂದದ್ದು ನಾನು, ಸೋಮವಾರದವರೆಗೆ ಕಾಯಬೇಡವೆಂದದ್ದು ನಾನು, ಪಟ್ಟಿ ಇಟ್ಟುಕೊಂಡು ಓದಿದ್ದು ನಾನು. ತಯಾರಿಸಿದವರು ಎರಡು ಸಲ ಸರಿಯಾದ ಸಲಹೆ ಕೊಟ್ಟಿದ್ದರು. ಅಧಿಕಾರಿ ಓದಿದರು. ಒಳ್ಳೆಯ ಮನುಷ್ಯರೇ. ಕಾಗದವನ್ನು ಮಡಿಸಿ ನನಗೇ ಕೊಟ್ಟರು.

"ಇದನ್ನ ಯಾವ ಫೈಲಿಗೆ ಹಾಕಲಿ, ಮೇಡಂ? ನೀವು ಈ ಕಚೇರ್ಯಾಗ ಇಲ್ಲೇ ಇಲ್ಲ."

ಆದರೆ ನಾನು ಬಂದದ್ದಕ್ಕೆ ಸಾಕ್ಷಿ ಇದೆ, ಪಟ್ಟಿಯ ಮೇಲಿನ ಗುರುತುಗಳು ನನ್ನವು ಎಂದೆ. ಗುರುತಿಗೆ ಹೆಸರಿರುವುದಿಲ್ಲ ಎಂದರು. ನಿಮ್ಮನ್ನು ಕರೆದದ್ದು ನಾನು, ಅದು ಹೊರಬಿದ್ದರೆ ನನಗೂ ಕಷ್ಟ, ಆಕೆಗೂ ಅದರಿಂದ ಲಾಭವಿಲ್ಲ, ಆದೇಶವಿಲ್ಲದವರಿಂದ ಪರಿಶೀಲನೆ ಮಾಡಿಸಿದಳು ಎಂದು ಇನ್ನೊಂದು ತಪ್ಪು ಸೇರುತ್ತದೆ ಎಂದು ಬಿಡಿಸಿ ಹೇಳಿದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆ ಎರಡು ಪುಟವನ್ನು ಇನ್ನೂ ಮೇಲಿನ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಮಾರ್ಚ್‌ನಲ್ಲಿ ಆಕೆಯ ಗುತ್ತಿಗೆ ನವೀಕರಣವಾಗಲಿಲ್ಲ.

ಹೊಸ ಹುಡುಗ ಬಂದ. ಅಧಿಕಾರಿ ನನ್ನನ್ನು ಇನ್ನು ಬರಬೇಡಿ ಎನ್ನಲಿಲ್ಲ, ನಾನೇ ಬಿಟ್ಟೆ. ಬಿಡುವ ಮೊದಲು ಆ ಹುಡುಗನಿಗೆ ಚೌಕದಲ್ಲಿ ಬಿಳಿ ತುಂಬಬೇಕು, ಒಂದರ ಬಾಯಿ ಅಗಲವಿರುವ ಫಾಂಟ್ ಬೇಕು, ಜೆರಾಕ್ಸ್ ಮೇಲೆಯೇ ಓದಿಸಬೇಕು ಎಂದು ಬರೆದುಕೊಟ್ಟೆ. ಈಗ ಪಂಪುಗಳ ಜಾಗವನ್ನು ಮೊಬೈಲ್‌ನಲ್ಲಿ ಕಳಿಸುತ್ತೇವೆ, ಕಾಗದ ಹೋಗುವುದಿಲ್ಲ ಎಂದ. ಮೊಬೈಲ್‌ನಲ್ಲಿ ಎಷ್ಟು ಪಾಯಿಂಟ್ ಎಂದು ಕೇಳಿದೆ. ಜನ ಬೆರಳಿನಿಂದ ದೊಡ್ಡದು ಮಾಡಿಕೊಳ್ಳುತ್ತಾರೆ ಎಂದ. ಬಿಸಿಲಿನಲ್ಲಿ ಹಿಡಿದು ನೋಡಿದ್ದೀಯಾ ಎಂದೆ. ನಕ್ಕ.

ಮಳೆಗಾಲ ಶುರುವಾದ ಮೇಲೆ ಭಾಲ್ಕಿಗೆ ಹೋದೆ. ಆಕೆ ಬಸ್ ನಿಲ್ದಾಣದ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಕೇಳಿದ್ದೆ. ಹುಟ್ಟುಹಬ್ಬ, ಗೃಹಪ್ರವೇಶ, ಹೊಸ ಅಧ್ಯಕ್ಷರಿಗೆ ಸ್ವಾಗತ. ಒಳಗೆ ಯಂತ್ರ ಸದ್ದು ಮಾಡುತ್ತಾ ಉದ್ದುದ್ದ ಬಟ್ಟೆ ಉಗುಳುತ್ತಿತ್ತು, ಬಣ್ಣದ ವಾಸನೆ. ನನ್ನನ್ನು ನೋಡಿ ಎದ್ದು ನಿಂತಳು, ಕುರ್ಚಿ ಒರೆಸಿ ಕೂರಿಸಿದಳು, ಚಹಾ ತರಿಸಿದಳು. ತಾಯಿ ಹೇಗಿದ್ದಾರೆಂದು ಕೇಳಿದೆ, ಚೆನ್ನಾಗಿದ್ದಾರೆ ಎಂದಳು. ನನ್ನ ಎರಡು ಪುಟದ ಪ್ರತಿ ಕೊಟ್ಟೆ. ನಿಂತೇ ಓದಿದಳು.

"ಇಷ್ಟೆಲ್ಲ ಯಾಕ ಬರೀಲಿಕ್ಕೆ ಹೋದ್ರಿ ಅಕ್ಕೋರ," ಎಂದಳು.

ಆಕೆಗೆ ತಂದ ಆ ಪ್ರತಿಯ ಕೊನೆಯಲ್ಲಿ ಒಂದು ಕೋರಿಕೆಯನ್ನು ಹೊಸದಾಗಿ ಸೇರಿಸಿದ್ದೆ. ಇನ್ನೊಂದು ತಾಲ್ಲೂಕಿನ ನಕ್ಷೆಗೆ ಬೇರೆ ಕಡೆ ಅರ್ಜಿ ಕರೆದಿದ್ದಾರೆ, ನೀನು ಹಾಕು, ನನಗೆ ಗೊತ್ತಿರುವವರಿಗೆ ನಾನು ಹೇಳುತ್ತೇನೆ ಎಂದು ಬರೆದಿದ್ದೆ. ಅದನ್ನೂ ಓದಿದಳು. ಕಾಗದವನ್ನು ಮೇಜಿನ ಮೇಲಿಟ್ಟು ಪರದೆಯ ಕಡೆ ತಿರುಗಿದಳು. ಅದರ ಮೇಲೆ ಒಂದು ಮಗುವಿನ ಮುಖ, ಪಕ್ಕದಲ್ಲಿ ಮುದ್ರಿಸಿದರೆ ಮೊಳದುದ್ದವಾಗುವ ಅಕ್ಷರಗಳಲ್ಲಿ ಹೆಸರು, ಒಂದು ವರ್ಷ ಎನ್ನುವುದಕ್ಕೆ ೧.

"ಬ್ಯಾಡ್ರಿ. ಇಲ್ಲಿ ಎಲ್ಲಾ ದೊಡ್ಡದಿರತದ. ಬರೆದದ್ದು ತಪ್ಪಾದ್ರ ಅವರ ಮನಿಯವರು ಸಂಜಿಗೇ ಬಂದು ಬೈತಾರ, ಮುಗೀತದ. ನನಗ ರಾತ್ರಿ ನಿದ್ದಿ ಬರತದ."

ನಾನು ಇನ್ನೂ ಸ್ವಲ್ಪ ಒತ್ತಾಯಿಸಿದೆ. ನಿನ್ನಷ್ಟು ಚೆನ್ನಾಗಿ ಈ ಕೆಲಸ ಮಾಡುವವರು ಇಲ್ಲ ಎಂದೆ. ಆಕೆ ಕೇಳಿಸಿಕೊಂಡಳು. ಆಮೇಲೆ ಮೊದಲ ಸಲ ನೇರವಾಗಿ ನನ್ನ ಮುಖ ನೋಡಿ, ಕೋಪವಿಲ್ಲದೆ ಕೇಳಿದಳು.

"ಆ ಶನಿವಾರ ನೀವು ಸೋಮವಾರತನಕ ಯಾಕ ಕಾಯಲಿಲ್ರಿ?"

ಎರಡು ಪುಟದಲ್ಲಿ ಕಾಯಲಿಲ್ಲ ಎಂದು ಬರೆದಿದ್ದೆ. ಯಾಕೆ ಎಂದು ಬರೆದಿರಲಿಲ್ಲ. ಹೇಳಲು ಬಾಯಿ ತೆರೆದರೆ ಗೋಡೆಯ ಮೇಲೆ ನಾನು ಅಂಟಿಸಿದ್ದ ವೇಳಾಪಟ್ಟಿಯೊಂದೇ ನೆನಪಿಗೆ ಬಂತು. ಅದನ್ನು ಆ ಕೂಸಿನ ತಾಯಿಗೆ ಹೇಳಲಾಗದು, ಇವಳಿಗೂ ಹೇಳಲಾಗದು. ಚಹಾ ಆರುತ್ತಿತ್ತು, ಕುಡಿದೆ. ಒಬ್ಬ ಗಿರಾಕಿ ಒಳಗೆ ಬಂದ, ಆಕೆ ಆತನ ಕಡೆ ತಿರುಗಿದಳು. ನಾನು ಎದ್ದೆ. ಬೀದರಿನ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು, ನಿಲ್ದಾಣದಲ್ಲಿ ಕೂತೆ.